ಭೇದಿ ನಿಲ್ಲಿಸದ ಓಆರ್‌ಎಸ್ ಜೀವ ಉಳಿಸುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ ಕಳೆದ ತಿಂಗಳು ಕಾಲರಾ ಆಗಿತ್ತು. ವಯಸ್ಸು ಇಪ್ಪತ್ತಾರು, ತೂಕ ಸುಮಾರು 50 ಕಿಲೋ. ಅಕ್ಕಿ ತೊಳೆದ ನೀರಿನಂತಹ ಭೇದಿ, ಜೊತೆಗೆ ವಾಂತಿ. ಮೊದಲು ಮನೆಯಲ್ಲೇ ಓಆರ್‌ಎಸ್ ಕೊಟ್ಟೆವು. ರುಚಿಯಿಲ್ಲ ಎಂದದ್ದಕ್ಕೆ ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ ಸೇರಿಸಿದೆವು. ಕುಡಿದಷ್ಟೂ ಭೇದಿ ಹೆಚ್ಚಾಯಿತು. ಕರುಳಿಗೆ ವಿಶ್ರಾಂತಿ ಬೇಕು ಎಂದು ಮನೆಯ ಹಿರಿಯರು ಹೇಳಿದ ಮೇಲೆ ಕುಡಿಸುವುದನ್ನು ನಿಲ್ಲಿಸಿ, ಭೇದಿ ಕಟ್ಟುವ ಮಾತ್ರೆ ಕೊಟ್ಟೆವು. ಸಂಜೆಯ ಹೊತ್ತಿಗೆ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಎಚ್ಚರವಾದ ಕೂಡಲೇ ಮತ್ತೆ ಅದೇ ಓಆರ್‌ಎಸ್ ಕುಡಿಸಿದರು. ಭೇದಿ ಇನ್ನೂ ಎರಡು ದಿನ ಇತ್ತು, ಆದರೂ ಚೇತರಿಸಿಕೊಂಡ. ಕರುಳೇ ನೀರು ಸುರಿಸುತ್ತಿರುವಾಗ ಕುಡಿದ ನೀರು ಒಳಗೆ ಹೋಗುವುದಾದರೂ ಹೇಗೆ? ಬರೀ ನೀರು ಏಕೆ ಸಾಲದು? ನಾವು ಮಾಡಿದ್ದರಲ್ಲಿ ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ತಮ್ಮ ಉಳಿದುಕೊಂಡರು ಎಂಬುದು ನನಗೂ ನೆಮ್ಮದಿಯ ಸಂಗತಿ. ಕಾಲರಾದಲ್ಲಿ ಕರುಳು ಹೀರಿಕೊಳ್ಳುವ ಶಕ್ತಿಯನ್ನು ಪೂರ್ತಿ ಕಳೆದುಕೊಂಡಿರುವುದಿಲ್ಲ. ಉಪ್ಪನ್ನು ಒಳಗೆಳೆದುಕೊಳ್ಳುವ ಒಂದು ದಾರಿ ಮುಚ್ಚಿರುತ್ತದೆ, ಇನ್ನೊಂದು ದಾರಿ ರೋಗದ ಉತ್ತುಂಗದಲ್ಲಿಯೂ ತೆರೆದೇ ಇರುತ್ತದೆ. ಆ ಎರಡನೆಯ ದಾರಿ ಸಕ್ಕರೆ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಓಆರ್‌ಎಸ್ ಪುಡಿಯಲ್ಲಿರುವ ಗ್ಲೂಕೋಸ್ ರುಚಿಗೂ ಅಲ್ಲ, ಶಕ್ತಿಗೂ ಅಲ್ಲ. ಉಪ್ಪನ್ನೂ ಅದರ ಹಿಂದೆ ನೀರನ್ನೂ ಒಳಗೆ ಕರೆದೊಯ್ಯಲು ಅದು ಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಕಾಲರಾದಲ್ಲಿ ಕರುಳಿನ ಒಳಪದರವೇ ಸುಲಿದು ಬರುತ್ತದೆ, ಭೇದಿಯಲ್ಲಿ ತೇಲುವ ಬಿಳಿಯ ಚೂರುಗಳು ಆ ಪದರದ ತುಣುಕುಗಳು ಎಂದು ವೈದ್ಯರೇ ಬಹುಕಾಲ ನಂಬಿದ್ದರು. ಗಾಯಗೊಂಡ ಕರುಳಿಗೆ ವಿಶ್ರಾಂತಿ ಕೊಡಬೇಕು ಎಂಬ ಮಾತು ಹುಟ್ಟಿದ್ದು ಇಂಥ ನಂಬಿಕೆಯಿಂದ. ಆದರೆ ಬ್ಯಾಂಕಾಕ್‌ನಲ್ಲಿ ಕಾಲರಾ ರೋಗಿಗಳ ಸಣ್ಣ ಕರುಳಿನಿಂದ ತೆಗೆದ ಚಿಕ್ಕ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಪದರ ಹರಿಯದೆ ಉಳಿದಿತ್ತು. ಆ ವರದಿ 1960ರಲ್ಲಿ ಪ್ರಕಟವಾಯಿತು. ಬಿಳಿಯ ಚೂರುಗಳು ಬಹುಪಾಲು ಲೋಳೆ. ಕಾಲರಾದ ಬ್ಯಾಕ್ಟೀರಿಯಾ, ಅಂದರೆ ವಿಬ್ರಿಯೋ ಕಾಲರೇ, ಕರುಳಿನ ಗೋಡೆಯನ್ನು ಕೊರೆದು ಒಳನುಗ್ಗುವುದಿಲ್ಲ. ಮೇಲ್ಮೈಗೆ ಅಂಟಿಕೊಂಡು ಕುಳಿತು ಒಂದು ವಿಷವನ್ನು ಸ್ರವಿಸುತ್ತದೆ. ಆದ್ದರಿಂದಲೇ ಈ ಭೇದಿಯಲ್ಲಿ ಸಾಮಾನ್ಯವಾಗಿ ರಕ್ತವಿರುವುದಿಲ್ಲ, ಜೋರಾದ ಜ್ವರವೂ ಇರುವುದಿಲ್ಲ. ರಕ್ತ ಕಂಡರೆ ಬೇರೆ ಕಾಯಿಲೆಯನ್ನು ಯೋಚಿಸಬೇಕು.

ಆರೋಗ್ಯವಂತರ ಸಣ್ಣ ಕರುಳಿಗೆ ದಿನವೊಂದಕ್ಕೆ ಎಂಟೊಂಬತ್ತು ಲೀಟರ್ ದ್ರವ ಬರುತ್ತದೆ. ನಾವು ಕುಡಿಯುವುದು ಅದರಲ್ಲಿ ಸುಮಾರು ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ ಮತ್ತು ಕರುಳಿನದೇ ಸ್ರಾವ. ಇದರಲ್ಲಿ ಹೆಚ್ಚಿನದನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ, ಮಲದ ಜೊತೆ ಹೊರಹೋಗುವ ನೀರು ಒಂದೆರಡು ಲೋಟಕ್ಕಿಂತ ಹೆಚ್ಚಿಲ್ಲ. ಹೀರುವ ಕೆಲಸ ಮುಖ್ಯವಾಗಿ ಒಳಪದರದ ಚಾಚುಗಳ ತುದಿಯಲ್ಲಿರುವ ಜೀವಕೋಶಗಳದ್ದು. ಆ ಚಾಚುಗಳ ಬುಡದಲ್ಲಿ ಸಣ್ಣ ಗುಳಿಗಳಿವೆ. ಸ್ರವಿಸುವ ಕೆಲಸ ಹೆಚ್ಚಾಗಿ ಆ ಗುಳಿಗಳ ಕೋಶಗಳದ್ದು. ನೀರಿಗೆ ಸ್ವಂತ ಎಂಜಿನ್ ಇಲ್ಲ, ಉಪ್ಪಿನ ಕಣಗಳು ಎತ್ತ ಹೋಗುತ್ತವೆಯೋ ಅತ್ತ ಅದು ಹೋಗುತ್ತದೆ. ಮುಂದಿನದೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಕಾಲರಾ ವಿಷಕ್ಕೆ ಎರಡು ಭಾಗಗಳಿವೆ. ಐದು ಒಂದೇ ತೆರನ ತುಣುಕುಗಳು ಉಂಗುರವಾಗಿ ಕೂಡಿಕೊಂಡದ್ದು ‘ಬಿ’ ಭಾಗ. ಅದು ಕರುಳಿನ ಕೋಶದ ಹೊರಮೈಯಲ್ಲಿರುವ ಜಿಎಂ1 ಎಂಬ ಕೊಬ್ಬಿನ ಜಾತಿಯ ಅಣುವನ್ನು ಹಿಡಿದುಕೊಳ್ಳುತ್ತದೆ. ಆಗ ಕೋಶವು ಆ ವಿಷವನ್ನು ತಾನೇ ಒಳಗೆ ಸೇರಿಸಿಕೊಳ್ಳುತ್ತದೆ. ಒಳಗೆ ಹೋದ ಮೇಲೆ ‘ಎ’ ಭಾಗದ ಒಂದು ತುಂಡು ಬಿಡುಗಡೆಯಾಗಿ ಜಿಎಸ್ ಎಂಬ ಪ್ರೋಟೀನಿನ ಮೇಲೆ ರಾಸಾಯನಿಕ ಗುರುತೊಂದನ್ನು ಅಂಟಿಸುತ್ತದೆ. ಸಾಮಾನ್ಯವಾಗಿ ಈ ಜಿಎಸ್ ಪ್ರೋಟೀನ್ ಹಾರ್ಮೋನಿನ ಕರೆ ಬಂದಾಗ ಚಾಲೂ ಆಗಿ, ಸ್ವಲ್ಪ ಹೊತ್ತಿನಲ್ಲಿ ತನ್ನಷ್ಟಕ್ಕೇ ಆರಿಹೋಗುತ್ತದೆ. ವಿಷದ ಗುರುತು ಬಿದ್ದ ಮೇಲೆ ಅದಕ್ಕೆ ಆರುವುದು ಸಾಧ್ಯವಾಗುವುದಿಲ್ಲ. ಒತ್ತಿದ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡು ಗಂಟೆ ಬಾರಿಸುತ್ತಲೇ ಇರುವಂತೆ, ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ವಸ್ತು ಒಂದೇ ಸಮನೆ ತಯಾರಾಗುತ್ತಾ ಹೋಗುತ್ತದೆ.

ಸೈಕ್ಲಿಕ್ ಎಎಂಪಿ ಹೆಚ್ಚಿದರೆ ಕೋಶದ ಕರುಳಿನ ಕಡೆಯ ಮುಖದಲ್ಲಿರುವ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಕಾಲುವೆ ತೆರೆದುಕೊಳ್ಳುತ್ತದೆ. ರಕ್ತದ ಕಡೆಯಿಂದ ಇನ್ನೊಂದು ಸಾಗಣೆ ಪ್ರೋಟೀನ್ ಕೋಶಕ್ಕೆ ಕ್ಲೋರೈಡನ್ನು ತುಂಬುತ್ತಲೇ ಇರುತ್ತದೆ, ಸಿಎಫ್‌ಟಿಆರ್ ಅದನ್ನು ಕರುಳಿನ ಟೊಳ್ಳಿಗೆ ಸುರಿಯುತ್ತಲೇ ಇರುತ್ತದೆ. ಕ್ಲೋರೈಡ್ ಋಣ ವಿದ್ಯುದಂಶವುಳ್ಳದ್ದು. ಅದರ ಸೆಳೆತಕ್ಕೆ ಧನ ವಿದ್ಯುದಂಶವುಳ್ಳ ಸೋಡಿಯಂ ಕೋಶಗಳ ನಡುವಿನ ಸಂದುಗಳಿಂದ ನುಸುಳಿ ಹಿಂಬಾಲಿಸುತ್ತದೆ. ಕ್ಲೋರೈಡೂ ಸೋಡಿಯಮ್ಮೂ ಕೂಡಿದರೆ ಅದೇ ಉಪ್ಪು. ಉಪ್ಪು ಹೋದಲ್ಲಿಗೆ ನೀರು. ಬೈಕಾರ್ಬನೇಟ್ ಮತ್ತು ಪೊಟ್ಯಾಸಿಯಂ ಕೂಡ ಇದರೊಂದಿಗೆ ಹೊರಬೀಳುತ್ತವೆ. ರೋಗ ತೀವ್ರವಾದಾಗ ವಯಸ್ಕರೊಬ್ಬರು ಗಂಟೆಗೆ ಒಂದು ಲೀಟರಿನವರೆಗೂ ಕಳೆದುಕೊಳ್ಳಬಹುದು. ಹೀಗೆ ಹೊರಬರುವುದು ಬರಿಯ ನೀರಲ್ಲ. ವಯಸ್ಕರ ಕಾಲರಾ ಭೇದಿಯ ಒಂದು ಲೀಟರಿನಲ್ಲಿ ಸುಮಾರು 130 ಮಿಲಿಮೋಲ್ ಸೋಡಿಯಂ ಇರುತ್ತದೆ, ರಕ್ತದ್ರವದಲ್ಲಿರುವುದಕ್ಕಿಂತ ಅದು ಹೆಚ್ಚೇನೂ ಕಡಿಮೆಯಲ್ಲ. ರಕ್ತದ ದ್ರವಭಾಗವೇ ಸೋರಿಹೋಗುತ್ತಿದೆ ಎಂದು ತಿಳಿದರೂ ನಡೆಯುತ್ತದೆ.

ಇಷ್ಟಕ್ಕೆಲ್ಲ ಬ್ಯಾಕ್ಟೀರಿಯಾ ಇರಲೇಬೇಕಾಗಿಲ್ಲ, ಅದು ಬಿಟ್ಟ ವಿಷವೊಂದೇ ಸಾಕು ಎಂದು ತೋರಿಸಿದವರು ಕೊಲ್ಕತ್ತಾದ ರೋಗಶಾಸ್ತ್ರಜ್ಞ ಶಂಭುನಾಥ ಡೇ. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವನ್ನು ಮಾತ್ರ ಅದರೊಳಗೆ ಬಿಟ್ಟರು. ಕಟ್ಟಿದ ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ ಪ್ರಕಟವಾದ ಆ ಸರಳ ಪ್ರಯೋಗದ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಲರಾ ಇಡೀ ದೇಹಕ್ಕೆ ನಂಜೇರುವ ಕಾಯಿಲೆಯಲ್ಲ, ಕರುಳಿನ ಕೋಶಗಳ ಲೆಕ್ಕ ತಪ್ಪಿಸುವ ಕಾಯಿಲೆ ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತಾ ಬಂತು. ರೋಗಿ ಸಾಯುವುದು ವಿಷ ರಕ್ತಕ್ಕೆ ಏರಿದ್ದರಿಂದಲ್ಲ, ನೀರು ಮತ್ತು ಲವಣ ಖಾಲಿಯಾಗಿ ರಕ್ತಪರಿಚಲನೆ ಕುಸಿದದ್ದರಿಂದ.

ಇನ್ನು ತೆರೆದಿರುವ ದಾರಿಯ ವಿಚಾರಕ್ಕೆ ಬರೋಣ. ಸೈಕ್ಲಿಕ್ ಎಎಂಪಿ ಸ್ರಾವವನ್ನು ಹೆಚ್ಚಿಸುವುದಷ್ಟೇ ಅಲ್ಲ, ಚಾಚುಗಳ ತುದಿಯ ಕೋಶಗಳು ಸೋಡಿಯಂ ಮತ್ತು ಕ್ಲೋರೈಡನ್ನು ಜೊತೆಯಾಗಿ ಹೀರುವ ಸಾಮಾನ್ಯ ವ್ಯವಸ್ಥೆಯನ್ನೂ ತಡೆಯುತ್ತದೆ. ಹೀಗಾಗಿ ಬರೀ ಉಪ್ಪುನೀರು ಕುಡಿಸಿದರೆ ಹೀರಿಕೆ ತೀರಾ ಕಡಿಮೆ, ಅದರ ಹೆಚ್ಚಿನ ಪಾಲು ಭೇದಿಯಲ್ಲೇ ಹೋಗುತ್ತದೆ. ಬರೀ ನೀರು ಕುಡಿಸಿದರೆ ಕಳೆದುಹೋದ ಸೋಡಿಯಂ ಮರಳುವುದಿಲ್ಲ. ಹೀರಿಕೊಂಡ ಸ್ವಲ್ಪ ನೀರೂ ರಕ್ತದ ಸೋಡಿಯಮ್ಮನ್ನು ತೆಳುಗೊಳಿಸುತ್ತದೆ, ಅದು ಅತಿಯಾದರೆ ಮಂಪರು ಮತ್ತು ಸೆಳವು ಬರಬಹುದು. ಆದರೆ ಅದೇ ತುದಿಯ ಕೋಶಗಳಲ್ಲಿ ಎಸ್‌ಜಿಎಲ್‌ಟಿ1 ಎಂಬ ಇನ್ನೊಂದು ಸಾಗಣೆ ಪ್ರೋಟೀನ್ ಇದೆ. ಅದು ಒಂದು ಗ್ಲೂಕೋಸ್ ಅಣುವಿನ ಜೊತೆ ಎರಡು ಸೋಡಿಯಂ ಕಣಗಳನ್ನು ಒಳಗೆ ಸಾಗಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಅದು ಒಯ್ಯುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ಸಾಗುತ್ತವೆ ಎಂಬ ವಿವರಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಮಂಡಿಸಿದರು. ಕಾಲರಾ ವಿಷ ಈ ಜೋಡಿ ಸಾಗಣೆಯನ್ನು ಕೆಡಿಸುವುದಿಲ್ಲ. ಕೋಶಕ್ಕೆ ಬಂದ ಸೋಡಿಯಮ್ಮನ್ನು ಇನ್ನೊಂದು ಬದಿಯ ಪಂಪು ರಕ್ತದ ಕಡೆಗೆ ತಳ್ಳುತ್ತದೆ, ಗ್ಲೂಕೋಸೂ ಆಚೆಗೆ ದಾಟುತ್ತದೆ, ಅವುಗಳ ಬೆನ್ನು ಹಿಡಿದು ನೀರು ಬರುತ್ತದೆ.

ಹಾಗಾದರೆ ಕರುಳು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿದೆ. ಗುಳಿಗಳಿಂದ ದ್ರವ ಹೊರಗೆ ಬರುತ್ತಿದೆ, ಚಾಚುಗಳ ತುದಿಯಿಂದ ದ್ರವ ಒಳಗೆ ಹೋಗುತ್ತಿದೆ. ಓಆರ್‌ಎಸ್ ಮೊದಲನೆಯದನ್ನು ಮುಟ್ಟುವುದೇ ಇಲ್ಲ, ಎರಡನೆಯದನ್ನು ಹೆಚ್ಚಿಸುತ್ತದೆ. ಭೇದಿ ಎರಡು ದಿನ ನಡೆದರೂ ನಿಮ್ಮ ತಮ್ಮ ಚೇತರಿಸಿಕೊಂಡದ್ದು ಹೀಗೆ. ಗ್ಲೂಕೋಸ್ ಓಆರ್‌ಎಸ್ ಕುಡಿದಾಗ ಕಾಲರಾ ಭೇದಿಯ ಪ್ರಮಾಣ ಸಾಮಾನ್ಯವಾಗಿ ಇಳಿಯುವುದಿಲ್ಲ, ಕೆಲವೊಮ್ಮೆ ತುಸು ಹೆಚ್ಚಾದಂತೆಯೂ ಕಾಣುತ್ತದೆ. ಕುಡಿದದ್ದರಲ್ಲಿ ಒಂದು ಪಾಲು ಹೊರಹೋದರೂ ಉಳಿದ ಪಾಲು ರಕ್ತಕ್ಕೆ ಸೇರಿರುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಹೊರಗೆ ಹೋದದ್ದು ಮಾತ್ರ. ಎಷ್ಟೋ ಮನೆಗಳಲ್ಲಿ ಓಆರ್‌ಎಸ್ ಅನ್ನು ಅರ್ಧಕ್ಕೇ ಬಿಡುವುದು ಇದೇ ಕಾರಣಕ್ಕೆ, ವಾರ್ಡಿನಲ್ಲಿ ನಾನು ಅತಿ ಹೆಚ್ಚು ಬಾರಿ ವಿವರಿಸಿ ಹೇಳಬೇಕಾಗಿ ಬಂದಿರುವ ಸಂಗತಿಯೂ ಇದೇ.

ಆದರೆ ನಿಮ್ಮ ಮನೆಯಲ್ಲಿ ಭೇದಿ ಹೆಚ್ಚಾದದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದು, ನೀವು ಸೇರಿಸಿದ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಕಣಗಳ ಲೆಕ್ಕದಲ್ಲಿ ಹೇಳುವುದಾದರೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ ಕೂಡ 75. ಪೊಟ್ಯಾಸಿಯಂ ಭೇದಿಯಲ್ಲಿ ಹೋದದ್ದನ್ನು ತುಂಬುತ್ತದೆ. ಸಿಟ್ರೇಟ್ ದೇಹದಲ್ಲಿ ಬೈಕಾರ್ಬನೇಟ್ ಆಗಿ ಬದಲಾಗಿ ರಕ್ತದ ಆಮ್ಲತೆಯನ್ನು ತಗ್ಗಿಸುತ್ತದೆ. ಎಲ್ಲ ಕಣಗಳ ಒಟ್ಟು ಸಾಂದ್ರತೆ 245, ರಕ್ತದ್ದು ಸುಮಾರು 290. ಕರುಳಿನೊಳಗಿನ ದ್ರವ ರಕ್ತಕ್ಕಿಂತ ತೆಳುವಾಗಿದ್ದರೆ ನೀರು ರಕ್ತದ ಕಡೆಗೆ ಸರಿಯಲು ಅನುಕೂಲ. ದಟ್ಟವಾಗಿದ್ದರೆ ನೀರು ರಕ್ತದಿಂದ ಕರುಳಿಗೆ ಬರುತ್ತದೆ.

ಈಗ ನಿಮ್ಮ ಲೋಟವನ್ನು ನೋಡೋಣ. 200 ಮಿಲಿಲೀಟರ್ ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ ಎಂದಿಟ್ಟುಕೊಳ್ಳಿ. ಲೀಟರಿಗೆ 50 ಗ್ರಾಂ ಆಯಿತು. ಅಡುಗೆ ಸಕ್ಕರೆಯ ಅಣು ಗ್ಲೂಕೋಸಿಗಿಂತ ದೊಡ್ಡದು, 50 ಗ್ರಾಮಿನಲ್ಲಿ ಸುಮಾರು 146 ಮಿಲಿಮೋಲ್. ಇದು ಸೇರಿದೊಡನೆ 245 ಇದ್ದದ್ದು 390ರ ಸುತ್ತಮುತ್ತ ಬರುತ್ತದೆ. ಕರುಳಿನ ಕೋಶದ ಮೇಲ್ಮೈಯಲ್ಲಿರುವ ಕಿಣ್ವ ಒಂದೊಂದು ಸಕ್ಕರೆ ಅಣುವನ್ನೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುವುದರಿಂದ, ಹೀರಿಕೆಗೆ ಮೊದಲು ಅದು 500ನ್ನೂ ದಾಟಬಹುದು. ರಕ್ತದ ಸಾಂದ್ರತೆಗಿಂತ ಬಹಳ ಹೆಚ್ಚು. ಜೊತೆಗೆ ಸೇರಿದ ಸಕ್ಕರೆಗೆ ತಕ್ಕಷ್ಟು ಸೋಡಿಯಂ ಲೋಟದಲ್ಲಿಲ್ಲ. ಹೀರದೆ ಉಳಿದ ಸಕ್ಕರೆ ನೀರನ್ನು ಕರುಳಿನಲ್ಲೇ ಹಿಡಿದಿಟ್ಟು ಭೇದಿಯನ್ನು ಹೆಚ್ಚಿಸುತ್ತದೆ. ಹಣ್ಣಿನ ರಸ, ತಂಪು ಪಾನೀಯಗಳಿಂದಲೂ ಇದೇ ತೊಂದರೆ, ಅವುಗಳಲ್ಲಿ ಸಕ್ಕರೆ ಬಹಳ, ಸೋಡಿಯಂ ಅತ್ಯಲ್ಪ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದುಬಿಡುವುದು ಇನ್ನೂ ಅಪಾಯಕಾರಿ, ಅಲ್ಲಿ ಸಕ್ಕರೆಯ ಜೊತೆ ಉಪ್ಪೂ ಐದು ಪಟ್ಟಾಗಿರುತ್ತದೆ. ಮಕ್ಕಳಲ್ಲಿ ಇದರಿಂದ ರಕ್ತದ ಸೋಡಿಯಂ ವಿಪರೀತ ಏರಬಹುದು. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಶುದ್ಧ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು, ಬೇರೇನನ್ನೂ ಸೇರಿಸಬಾರದು, 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ರುಚಿಯ ಬಗ್ಗೆ ಒಂದು ಮಾತು: ದೇಹ ಒಣಗಿರುವವರಿಗೆ ಓಆರ್‌ಎಸ್ ಸಾಮಾನ್ಯವಾಗಿ ಹಿತವಾಗಿಯೇ ಇರುತ್ತದೆ, ಕೊರತೆ ತುಂಬುತ್ತಾ ಬಂದಂತೆ ಅದು ಬೇಡವೆನಿಸತೊಡಗುತ್ತದೆ.

ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ ಕೊಡಬಹುದು. ಇದರಲ್ಲಿ ಪೊಟ್ಯಾಸಿಯಮ್ಮೂ ಸಿಟ್ರೇಟೂ ಇಲ್ಲ, ಆಸ್ಪತ್ರೆ ತಲುಪುವವರೆಗಿನ ಆಸರೆ ಎಂದಷ್ಟೇ ಇದನ್ನು ಎಣಿಸಬೇಕು. ಅಳತೆ ತಪ್ಪುವುದಾದರೆ ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳುವುದು ಮುಖ್ಯ.

ಕುಡಿಸಿದ್ದು ಸಾಕಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಆಯವ್ಯಯದ ಲೆಕ್ಕದಲ್ಲಿದೆ. ಕಾಲರಾ ವಾರ್ಡುಗಳಲ್ಲಿ ನಡುವೆ ರಂಧ್ರವಿರುವ ಮಂಚ, ಅದರ ಕೆಳಗೆ ಅಳತೆಯ ಗೆರೆಗಳಿರುವ ಬಕೆಟ್ ಇಡುತ್ತಾರೆ. ಎಷ್ಟು ಹೋಯಿತು ಎಂದು ನೋಡಿ ಅಷ್ಟನ್ನು ಮರಳಿ ಕೊಡುತ್ತಾರೆ. ನಿಮ್ಮ ತಮ್ಮನ ತೂಕವನ್ನೇ ತೆಗೆದುಕೊಳ್ಳೋಣ. ಆಸ್ಪತ್ರೆಗೆ ಹೋಗುವ ಮುಂಚಿನ ಹಂತದಲ್ಲಿ ಕಣ್ಣು ಗುಳಿಬಿದ್ದು, ಬಾಯಿ ಒಣಗಿ, ನೀರಿಗಾಗಿ ಹಂಬಲಿಸುತ್ತಿದ್ದರು, ಆದರೆ ಎಚ್ಚರವಾಗಿದ್ದರು ಎಂದಿಟ್ಟುಕೊಳ್ಳಿ. ಈ ಹಂತದಲ್ಲಿ ಕೊರತೆ ತುಂಬಲು ಕಿಲೋ ತೂಕಕ್ಕೆ 75 ಮಿಲಿಲೀಟರ್ ಓಆರ್‌ಎಸ್ ಅನ್ನು ನಾಲ್ಕು ಗಂಟೆಗಳಲ್ಲಿ ಕೊಡುತ್ತೇವೆ. 50 ಕಿಲೋಗೆ ಅದು ಮೂರೂಮುಕ್ಕಾಲು ಲೀಟರ್. ಅಷ್ಟರಲ್ಲಿ ಭೇದಿ ನಿಂತಿರುವುದಿಲ್ಲ. ಗಂಟೆಗೆ 300 ಮಿಲಿಲೀಟರ್ ಹೋಗುತ್ತಿದ್ದರೆ ಆ ನಾಲ್ಕು ಗಂಟೆಗಳಲ್ಲಿ ಇನ್ನೂ 1.2 ಲೀಟರ್ ಬೇಕಾಯಿತು. ಒಟ್ಟು ಹತ್ತಿರ ಹತ್ತಿರ ಐದು ಲೀಟರ್, ಅಂದರೆ ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ. ಮನೆಯಲ್ಲಿ ಒಂದೊಂದು ಭೇದಿಗೆ ನಾಲ್ಕಾರು ಗುಟುಕು ಕುಡಿಸಿ ‘ಓಆರ್‌ಎಸ್ ಕೊಟ್ಟೆವು, ಉಪಯೋಗವಾಗಲಿಲ್ಲ’ ಎನ್ನುವವರಿಗೆ ಈ ಅಂಕಿ ಬೆರಗು ತರಿಸುತ್ತದೆ. ಓಆರ್‌ಎಸ್ ಸೋತದ್ದಲ್ಲ, ಕೊಟ್ಟದ್ದು ಸಾಲದೇ ಹೋದದ್ದು. ಕೊರತೆ ತುಂಬಿದ ಮೇಲೂ ಭೇದಿ ನಿಲ್ಲುವವರೆಗೆ ಹೋದಷ್ಟನ್ನು ಕೊಡುತ್ತಿರಬೇಕು.

ಹೋದಷ್ಟನ್ನು ಅಳೆದು ಬಾಯಿಯಿಂದಲೇ ಮರಳಿಸುವ ಈ ಪದ್ಧತಿ ಸುಲಭವಾಗಿ ಬಂದದ್ದಲ್ಲ. 1960ರ ದಶಕದಲ್ಲಿ ಮನಿಲಾದಲ್ಲಿ ಗ್ಲೂಕೋಸ್ ಬೆರೆತ ಉಪ್ಪುನೀರನ್ನು ಕಾಲರಾ ರೋಗಿಗಳು ಹೀರಿಕೊಳ್ಳುತ್ತಾರೆ ಎಂದು ಕಂಡುಬಂದಿತ್ತು. ಆದರೆ ನಂತರದ ಒಂದು ಪ್ರಯತ್ನದಲ್ಲಿ ದ್ರಾವಣ ಅತಿ ದಟ್ಟವಾಗಿ, ಕೆಲವು ರೋಗಿಗಳು ತೀರಿಕೊಂಡರು. ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ದ್ರಾವಣದ ಸಾಂದ್ರತೆಯನ್ನು ಸರಿಪಡಿಸಿ, ಹೋದದ್ದಕ್ಕೆ ಸರಿಸಮನಾಗಿ ಕುಡಿಸುವ ಕ್ರಮವನ್ನು ಪಾಲಿಸಿ 1968ರಲ್ಲಿ ಅದರ ಫಲವನ್ನು ಪ್ರಕಟಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಾ ಬಂತು. ಆಗ ದಿಲೀಪ್ ಮಹಲನಬೀಸ್ ಮತ್ತು ಅವರ ತಂಡದವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿ, ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸಿದರು. ಮೂವತ್ತು ಪ್ರತಿಶತದ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಅಂದು ಕುಡಿಸಿದವರು ತಜ್ಞರಲ್ಲ, ಅಕ್ಕ ತಂಗಿಯರು, ತಾಯಂದಿರು. ಅವರಿಗೆ ಸರಿಯಾದ ಅಳತೆಯನ್ನೂ ಎಷ್ಟು ಕುಡಿಸಬೇಕೆಂಬುದನ್ನೂ ಹೇಳಿಕೊಡಲಾಗಿತ್ತು.

ಭೇದಿ ಕಟ್ಟುವ ಮಾತ್ರೆಯ ವಿಷಯ. ಲೋಪೆರಮೈಡ್‌ನಂತಹ ಮಾತ್ರೆಗಳು ಕರುಳಿನ ಚಲನೆಯನ್ನು ನಿಧಾನ ಮಾಡುತ್ತವೆ. ಗುಳಿಗಳ ಕೋಶಗಳಲ್ಲಿ ಸಿಎಫ್‌ಟಿಆರ್ ತೆರೆದೇ ಇರುತ್ತದೆ, ನೀರು ರಕ್ತದಿಂದ ಕರುಳಿಗೆ ಸುರಿಯುತ್ತಲೇ ಇರುತ್ತದೆ. ಹೊರಗೆ ಬರುವುದು ಕಡಿಮೆಯಾದಂತೆ ಕಂಡರೂ ಆ ದ್ರವ ಕರುಳಿನೊಳಗೇ ನಿಂತಿರುತ್ತದೆ, ದೇಹದ ಪಾಲಿಗೆ ಅದು ಕಳೆದುಹೋದ ದ್ರವವೇ. ಹೊಟ್ಟೆ ಉಬ್ಬರಿಸುತ್ತದೆ, ಮನೆಯವರಿಗೆ ಸುಳ್ಳು ನೆಮ್ಮದಿ ಸಿಗುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಕುಡಿಸುವುದನ್ನು ನಿಲ್ಲಿಸಿದ್ದು ಎಂದು ನನಗನ್ನಿಸುತ್ತದೆ. ಸೋರಿಕೆ ಮುಂದುವರಿಯಿತು, ತುಂಬುವುದು ನಿಂತಿತು. ಸಕ್ಕರೆ ಸೇರಿಸಿದ ಓಆರ್‌ಎಸ್‌ಗೆ ಬದಲಾಗಿ ಸರಿಯಾದ ಓಆರ್‌ಎಸ್ ಕಲಸಿ ಮುಂದುವರಿಸಿದ್ದರೆ ಕುಸಿಯುವ ಹಂತ ಬಾರದೇ ಇರಬಹುದಿತ್ತು. ನಿಮ್ಮಲ್ಲಿ ಅಪರಾಧಿ ಭಾವ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಕಣ್ಣಿಗೆ ಕಂಡದ್ದನ್ನು ನೋಡಿ ಯಾರಾದರೂ ಹಾಗೆಯೇ ತೀರ್ಮಾನಿಸುತ್ತಿದ್ದರು.

ಪ್ರತಿಜೀವಕಗಳು ಬ್ಯಾಕ್ಟೀರಿಯಾವನ್ನು ಕೊಂದು ಹೊಸ ವಿಷ ತಯಾರಾಗುವುದನ್ನು ನಿಲ್ಲಿಸುತ್ತವೆ. ಭೇದಿಯ ಪ್ರಮಾಣವೂ ಅವಧಿಯೂ ಅವುಗಳಿಂದ ಗಣನೀಯವಾಗಿ ತಗ್ಗುತ್ತವೆ. ವಯಸ್ಕರಲ್ಲಿ ಡಾಕ್ಸಿಸೈಕ್ಲಿನ್‌ನ ಒಂದೇ ಡೋಸ್ ಸಾಮಾನ್ಯವಾಗಿ ಸಾಕು, ಆದರೆ ಆ ಊರಿನ ಬ್ಯಾಕ್ಟೀರಿಯಾಕ್ಕೆ ಯಾವ ಔಷಧಿ ನಾಟುತ್ತದೆ ಎಂಬುದನ್ನು ನೋಡಿ ವೈದ್ಯರು ಆಯ್ಕೆ ಮಾಡಬೇಕು. ಈಗಾಗಲೇ ಕೋಶದೊಳಗೆ ಹೊಕ್ಕಿರುವ ವಿಷದ ಮೇಲೆ ಈ ಔಷಧಿಗಳಿಗೆ ಹಿಡಿತವಿಲ್ಲ. ಗುರುತು ಬಿದ್ದ ಕೋಶ ಉದುರಿ, ಹೊಸ ಕೋಶ ಅದರ ಜಾಗಕ್ಕೆ ಬರುವವರೆಗೆ ಸ್ರಾವ ಉಳಿಯುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ತನ್ನನ್ನು ತಾನು ಹೊಸದಾಗಿಸಿಕೊಳ್ಳುವುದರಿಂದ ಕಾಲರಾ ತಾನಾಗಿ ಮುಗಿಯುವ ಕಾಯಿಲೆ. ಆ ಕೆಲವು ದಿನ ರೋಗಿಯನ್ನು ತೇವವಾಗಿಟ್ಟು ಕಾಯುವುದೇ ಚಿಕಿತ್ಸೆ, ಪ್ರತಿಜೀವಕ ಅದಕ್ಕೆ ನೆರವು.

ಬಾಯಿಯಿಂದ ಕುಡಿಸುವುದಕ್ಕೂ ಒಂದು ಮಿತಿಯಿದೆ, ಅದನ್ನು ದಾಟಿದಾಗ ಮನೆಯಲ್ಲಿ ಪ್ರಯತ್ನ ಮುಂದುವರಿಸಬಾರದು. ಮಂಪರು ಅಥವಾ ಪ್ರಜ್ಞಾಹೀನತೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದು ಅಥವಾ ತೀರಾ ಕ್ಷೀಣವಾಗಿರುವುದು, ತಣ್ಣಗಾದ ಕೈಕಾಲು, ಚಿವುಟಿದ ಚರ್ಮ ಬಹಳ ನಿಧಾನವಾಗಿ ಮರಳುವುದು, ಕುಡಿಯಲು ಆಗದಿರುವುದು: ಇವು ದೇಹದ ತೂಕದ ಹತ್ತನೆಯ ಒಂದು ಭಾಗದಷ್ಟು ದ್ರವ ಹೋಗಿರುವುದರ ಲಕ್ಷಣಗಳು. 50 ಕಿಲೋ ವ್ಯಕ್ತಿಗೆ ಅದು ಐದು ಲೀಟರ್. ಆಗ ಕರುಳಿಗೇ ರಕ್ತ ಸರಿಯಾಗಿ ಹರಿಯುತ್ತಿರುವುದಿಲ್ಲ, ಹೀರಿಕೊಳ್ಳುವವರೆಗೆ ಕಾಯಲು ಸಮಯವೂ ಇರುವುದಿಲ್ಲ. ರಿಂಗರ್ ಲ್ಯಾಕ್ಟೇಟ್ ದ್ರವವನ್ನು ರಕ್ತನಾಳದ ಮೂಲಕ, ವಯಸ್ಕರಿಗೆ ಕಿಲೋಗೆ 30 ಮಿಲಿಲೀಟರ್‌ನಂತೆ ಮೊದಲ ಅರ್ಧ ಗಂಟೆಯಲ್ಲಿ, ಇನ್ನು 70 ಮಿಲಿಲೀಟರ್‌ನಂತೆ ಮುಂದಿನ ಎರಡೂವರೆ ಗಂಟೆಯಲ್ಲಿ ಹರಿಸುತ್ತೇವೆ. ನಿಮ್ಮ ತಮ್ಮನ ತೂಕಕ್ಕೆ ಅರ್ಧ ಗಂಟೆಯಲ್ಲಿ ಒಂದೂವರೆ ಲೀಟರ್. ಕುಡಿಯಲು ಶಕ್ತಿ ಬಂದ ಕೂಡಲೇ ಓಆರ್‌ಎಸ್ ಆರಂಭಿಸುವುದಕ್ಕೆ ಕಾರಣವಿದೆ: ಡ್ರಿಪ್ ದ್ರವದಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ, ಸೋರಿಕೆ ಇನ್ನೂ ದಿನಗಟ್ಟಲೆ ಇರುತ್ತದೆ. ಎಚ್ಚರವಾಗಿದ್ದರೂ ಭೇದಿಯ ವೇಗ ಕುಡಿಯುವ ವೇಗವನ್ನು ಮೀರಿದರೆ ಆಗಲೂ ಡ್ರಿಪ್ ಬೇಕು. ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಹೋಗುತ್ತಿರುವ ವಯಸ್ಕರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಇನ್ನೊಂದು ಮಿತಿ ಲವಣದ ಲೆಕ್ಕದ್ದು. ವಯಸ್ಕರು ಭೇದಿಯ ಲೀಟರಿಗೆ 130 ಮಿಲಿಮೋಲ್ ಸೋಡಿಯಂ ಕಳೆದುಕೊಳ್ಳುವಾಗ ನಾವು ಓಆರ್‌ಎಸ್‌ನಲ್ಲಿ ಮರಳಿಸುವುದು 75. ಹಳೆಯ ಸೂತ್ರದಲ್ಲಿ ಸೋಡಿಯಂ 90 ಇತ್ತು, ಒಟ್ಟು ಸಾಂದ್ರತೆ 311. ಮಕ್ಕಳ ಇತರ ಭೇದಿಗಳಲ್ಲಿ ತೆಳುವಾದ ದ್ರಾವಣವೇ ಮೇಲು ಎಂದು ಕಂಡುಬಂದ ಮೇಲೆ, ಎಲ್ಲರಿಗೂ ಒಂದೇ ಸೂತ್ರವಿರಲಿ ಎಂದು 2002ರ ಹೊತ್ತಿಗೆ ಈಗಿನದನ್ನು ಶಿಫಾರಸು ಮಾಡಲಾಯಿತು. ಕಾಲರಾದಲ್ಲಿಯೂ ಇದು ಕೆಲಸ ಮಾಡುತ್ತದೆ. ಆದರೆ ಬಹಳ ದ್ರವ ಕಳೆದುಕೊಂಡ ವಯಸ್ಕರಲ್ಲಿ ರಕ್ತದ ಸೋಡಿಯಂ ಇಳಿಯುವ ಸಾಧ್ಯತೆ ಇದ್ದೇ ಇದೆ, ಹಾಗಾಗಿ ಗೊಂದಲದ ಮಾತು, ಅತಿಯಾದ ತೂಕಡಿಕೆ ಕಂಡರೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಗ್ಲೂಕೋಸ್ ಬದಲು ಅಕ್ಕಿ ಹಿಟ್ಟು ಬೇಯಿಸಿ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೂ ತಗ್ಗಿಸುತ್ತದೆ. ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವುದರಿಂದ, ದ್ರಾವಣ ದಟ್ಟವಾಗದೆ ಹೆಚ್ಚು ಗ್ಲೂಕೋಸ್ ಸಿಗುತ್ತದೆ. ಬೇಯಿಸಬೇಕು, ಬೇಗ ಹಳಸುತ್ತದೆ ಎಂಬುದು ಅದರ ತೊಡಕು.

ವಾಂತಿಯಾಗುತ್ತಿದೆ ಎಂದು ಓಆರ್‌ಎಸ್ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಆರಂಭಿಸಿ. ಕಾಲರಾದ ವಾಂತಿಗೆ ರಕ್ತದ ಆಮ್ಲತೆಯೂ ಒಂದು ಕಾರಣವಾದ್ದರಿಂದ, ದ್ರವ ಮತ್ತು ಸಿಟ್ರೇಟ್ ಒಳಗೆ ಸೇರಿದಂತೆ ವಾಂತಿ ಹೆಚ್ಚಾಗಿ ತಾನೇ ತಗ್ಗುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಭೇದಿ ಎಷ್ಟು ಬಾರಿ ಆಯಿತು ಎಂಬ ಎಣಿಕೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ನಾಡಿ ತುಂಬಿಕೊಂಡಿದೆಯೇ, ನಾಲಿಗೆ ತೇವವಾಗಿದೆಯೇ, ಬಾಯಾರಿಕೆ ತಗ್ಗಿದೆಯೇ, ಮೂತ್ರ ಬರತೊಡಗಿದೆಯೇ ಎಂದು ನೋಡಿ. ಕೊರತೆ ತುಂಬಿದ ಆರೆಂಟು ಗಂಟೆಗಳಲ್ಲಿ ಮೂತ್ರ ಸಾಮಾನ್ಯವಾಗಿ ಮರಳುತ್ತದೆ. ಅಷ್ಟಾದರೂ ಮೂತ್ರ ಬರದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು, ಕೂಡಲೇ ವೈದ್ಯರಿಗೆ ತಿಳಿಸಬೇಕು. ಹಸಿವಾದೊಡನೆ ಊಟ ಕೊಡಬಹುದು, ಎದೆಹಾಲು ಕುಡಿಯುವ ಕೂಸಿಗಂತೂ ಹಾಲನ್ನು ಒಂದು ಹೊತ್ತೂ ತಪ್ಪಿಸಬಾರದು. ಮಕ್ಕಳಿಗೆ ಇದರ ಜೊತೆ ಸತುವಿನ ಮಾತ್ರೆಯನ್ನು ಹತ್ತರಿಂದ ಹದಿನಾಲ್ಕು ದಿನ ಕೊಡುತ್ತೇವೆ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10.